ಗುರುವಾರ ಸಂಜೆಯ ಊಟದ ರಸೀದಿ: ಮೇ 9 ಅಥವಾ ಸೆಪ್ಟೆಂಬರ್ 5?

ಪೀಣ್ಯದ ಯಂತ್ರ ತಯಾರಿಕಾ ಕಂಪನಿಯೊಂದು ತನ್ನ ಎಂಜಿನಿಯರ್ ಒಬ್ಬರನ್ನು 2024ರಲ್ಲಿ ಎರಡು ಸಲ ಹೊರದೇಶಕ್ಕೆ ಕಳುಹಿಸಿತ್ತು. ಮೊದಲನೆಯದು ಮೇ 6ರಿಂದ 17ರವರೆಗೆ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ. ಎರಡನೆಯದು ಸೆಪ್ಟೆಂಬರಿನಲ್ಲಿ: 3ರಿಂದ 8ರವರೆಗೆ ಕೆನಡಾದ ಟೊರಾಂಟೊ, ಅಲ್ಲಿಂದ ಮತ್ತೆ ಸ್ಯಾನ್ ಹೋಸೆ, 12ಕ್ಕೆ ಹಿಂದಿರುಗುವ ವಿಮಾನ. ಮೇ ತಿಂಗಳ ಖರ್ಚಿನ ಬಿಲ್ಲುಗಳು ಒಂದು ಪ್ರಶ್ನೆಯೂ ಇಲ್ಲದೆ ಪಾಸಾದವು. ಸೆಪ್ಟೆಂಬರಿನ ಬಿಲ್ಲುಗಳನ್ನು ಅವರು 23ರಂದು ಕೊಟ್ಟರು. ಅವುಗಳಲ್ಲಿ ಕೆಲವು ವಾಪಸು ಬಂದವು, ಜೊತೆಗೆ ಅನುಮಾನವೂ ಬಂತು.

ವಾಪಸಾದವುಗಳಲ್ಲಿ ಮುಖ್ಯವಾದದ್ದು ಒಂದು ಊಟದ ರಸೀದಿ. ಅದರ ಮೇಲ್ಭಾಗ ಹರಿದುಹೋಗಿತ್ತು, ಹೋಟೆಲಿನ ಹೆಸರೂ ಊರೂ ಇರಲಿಲ್ಲ. ಉಳಿದದ್ದು ಇಷ್ಟು: 09/05/2024, ಗುರುವಾರ, ಸಂಜೆ 7:42, ಡಾಲರ್ ಚಿಹ್ನೆಯೊಂದಿಗೆ 38.00, ತೆರಿಗೆ 4.94, ಒಟ್ಟು 42.94. ಲೆಕ್ಕ ವಿಭಾಗದ ಸಹಾಯಕಿ ಇದನ್ನು ಮೇ 9 ಎಂದು ಓದಿದರು. ಮೇ 9ರಂದು ಎಂಜಿನಿಯರ್ ಅಮೆರಿಕದಲ್ಲಿದ್ದರು, ಬಿಲ್ಲು ಡಾಲರಿನಲ್ಲಿದೆ, ಅಂದರೆ ಇದು ಹಳೆಯ ಪ್ರವಾಸದಲ್ಲಿ ಉಳಿದುಹೋದ ಬಿಲ್ಲು. ಕಂಪನಿಯ ನಿಯಮದಂತೆ ಖರ್ಚು ಮಾಡಿದ 60 ದಿನಗಳೊಳಗೆ ಬಿಲ್ಲು ಸಲ್ಲಿಸಬೇಕು. ಮೇ 9ರಿಂದ ಸೆಪ್ಟೆಂಬರ್ 23ಕ್ಕೆ 137 ದಿನ. ತಿರಸ್ಕಾರದ ಟಿಪ್ಪಣಿ ಬರೆದು ಕಳುಹಿಸಿದರು.

“ಮೇಡಂ, ಇದು ಟೊರಾಂಟೊದಲ್ಲಿ ಮಾಡಿದ ಊಟ. ಸೆಪ್ಟೆಂಬರ್ ಐದು” ಎಂದರು ಎಂಜಿನಿಯರ್.

“ನಾನು ಕ್ಯಾಲೆಂಡರ್ ನೋಡಿಯೇ ಬರೆದದ್ದು ಸಾರ್. ಮೇ ಒಂಬತ್ತು ಗುರುವಾರವೇ ಬಂದಿದೆ. ಕಾರ್ಡಿನ ಸೆಪ್ಟೆಂಬರ್ ಲೆಕ್ಕದಲ್ಲೂ ಈ ಖರ್ಚು ಸಿಗುತ್ತಿಲ್ಲ” ಎಂದರು ಆಕೆ.

ಕಂಪನಿಯ ಲೆಕ್ಕ ಪರಿಶೀಲನೆಗೆ ಹೋಗುತ್ತಿದ್ದ ನನ್ನ ಮುಂದೆ ಈ ಕಡತ ಬಂದದ್ದು ಆಗ. ಆಕೆಯ ಕೆಲಸದಲ್ಲಿ ಸೋಮಾರಿತನ ಎಲ್ಲಿಯೂ ಕಾಣಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬಹಳ ಜನ ಮಾಡದ ಎರಡು ಪರೀಕ್ಷೆಗಳನ್ನು ಅವರು ಮಾಡಿದ್ದರು, ವಾರದ ದಿನ ಮತ್ತು ಕಾರ್ಡಿನ ಲೆಕ್ಕ. ಎರಡೂ ಅವರಿಗೆ ತಪ್ಪು ಉತ್ತರ ಕೊಟ್ಟವು. ಏಕೆ ಎಂಬುದೇ ಈ ಪ್ರಕರಣದ ತಿರುಳು.

ಮೇ ತಿಂಗಳಲ್ಲಿ ತೊಡಕಾಗದೆ ಸೆಪ್ಟೆಂಬರಿನಲ್ಲಿ ಆದದ್ದೇಕೆ ಎಂಬುದರಿಂದ ಆರಂಭಿಸೋಣ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ನಾವು ದಿನವನ್ನು. ಮೇ ಪ್ರವಾಸದ ಕೊನೆಯ ದಿನಗಳಲ್ಲಿ 05/14/2024, 05/16/2024 ಎಂಬ ರಸೀದಿಗಳಿದ್ದವು. ಹದಿನಾಲ್ಕನೆಯ ತಿಂಗಳು ಇಲ್ಲವಾದ್ದರಿಂದ ಅವು ತಮ್ಮ ಕ್ರಮವನ್ನು ತಾವೇ ಹೇಳಿಬಿಟ್ಟವು, ಉಳಿದವನ್ನು ಅದೇ ಅಳತೆಯಲ್ಲಿ ಓದಲು ಸಾಧ್ಯವಾಯಿತು. ಸೆಪ್ಟೆಂಬರಿನ ಪ್ರವಾಸ 3ರಿಂದ 12ರೊಳಗೆ ಮುಗಿಯಿತು. 12ಕ್ಕಿಂತ ದೊಡ್ಡ ದಿನಸಂಖ್ಯೆ ಇರುವ ಒಂದೇ ಒಂದು ರಸೀದಿ ಆ ಕಟ್ಟಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಿಗೆ ಈ ಗೊಂದಲ ಅಂಟಿದೆ. ವರ್ಷಕ್ಕೆ 144 ದಿನ. ಅದರಲ್ಲಿ 09/09ರಂತೆ ಹೇಗೆ ಓದಿದರೂ ಒಂದೇ ಆಗುವ ಹನ್ನೆರಡನ್ನು ಕಳೆದರೆ 132 ದಿನಗಳು ಎರಡು ಅರ್ಥ ಕೊಡುತ್ತವೆ. ತಿಂಗಳ ಆರಂಭದಲ್ಲೇ ಹೋಗಿ ಬರುವ ಸಣ್ಣ ಪ್ರವಾಸಗಳೇ ಲೆಕ್ಕದವರಿಗೆ ಹೆಚ್ಚು ಕಾಟ ಕೊಡುತ್ತವೆ.

ಸ್ಯಾನ್ ಹೋಸೆಯ ವಸತಿ ಹೋಟೆಲಿನ ಬಿಲ್ಲು ಮಾತ್ರ ಸುಲಭವಾಗಿ ಬಗೆಹರಿಯಿತು. ಮೊದಲ ನೋಟಕ್ಕೆ ಅದು ಸೆಪ್ಟೆಂಬರ್ 9ರಿಂದ ಡಿಸೆಂಬರ್ 9ರವರೆಗಿನ ವಾಸದಂತೆ ಕಂಡಿತ್ತು, ಏಕೆಂದರೆ ಹೊರಟ ದಿನ 09/12/2024 ಎಂದಿತ್ತು. ಆದರೆ ಒಳಗೆ ರಾತ್ರಿಗೊಂದು ಸಾಲು: 09/09, 09/10, 09/11. ಒಂದೇ ಬಿಲ್ಲಿನಲ್ಲಿ ಸಾಲಿನಿಂದ ಸಾಲಿಗೆ ಯಾವ ಅಂಕಿ ಓಡುತ್ತದೆಯೋ ಅದೇ ದಿನ, ನಿಂತೇ ಇರುವುದು ತಿಂಗಳು. ಇಲ್ಲಿ ಬಲಗಡೆಯದು ಓಡುತ್ತಿದೆ. ಅದಲ್ಲದೆ ಬಿಲ್ಲು ಕೊಟ್ಟದ್ದೇ ಸೆಪ್ಟೆಂಬರ್ 23ರಂದು, ಅಕ್ಟೋಬರ್ ಮತ್ತು ನವೆಂಬರಿನ ಬಾಡಿಗೆ ಅದರಲ್ಲಿ ಇರಲಾರದು. ಅಸಂಬದ್ಧ ಉತ್ತರ ಬಂದರೆ ತಪ್ಪು ತಾನಾಗಿ ಹೊರಬೀಳುತ್ತದೆ. ಸಹಾಯಕಿ ಇದನ್ನು ಸರಿಯಾಗಿಯೇ ಹಿಡಿದು, ಅಮೆರಿಕದ ಬಿಲ್ಲಿಗೆ ತಿಂಗಳು ಮೊದಲು, ಉಳಿದ ದೇಶಗಳ ಬಿಲ್ಲಿಗೆ ದಿನ ಮೊದಲು ಎಂಬ ನಿಯಮ ಮಾಡಿಕೊಂಡರು. ಸೆಪ್ಟೆಂಬರ್ 5ರಂದು ಎಂಜಿನಿಯರ್ ಕೆನಡಾದಲ್ಲಿದ್ದದ್ದರಿಂದ, ಆ ದಿನದ ಬಿಲ್ಲು 05/09 ಎಂದೇ ಇರಬೇಕು, 09/05 ಎಂದರೆ ಮೇ 9 ಎಂದುಕೊಂಡರು. ಮೇ ತಿಂಗಳ ಅಮೆರಿಕದ ಬಿಲ್ಲಾಗಿದ್ದರೆ ಅದೇ ನಿಯಮದಂತೆ 05/09 ಎಂದಿರಬೇಕಿತ್ತು ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಆ ನಿಯಮ ಬ್ರಿಟನ್‌ಗೆ ಹೊಂದುತ್ತದೆ, ಚುಕ್ಕೆ ಇಟ್ಟು ಬರೆಯುವ ಜರ್ಮನಿಗೂ ಹೊಂದುತ್ತದೆ. ಕೆನಡಾಕ್ಕೆ ಹೊಂದುವುದಿಲ್ಲ. ಅಲ್ಲಿ ಬ್ರಿಟಿಷರಿಂದ ಬಂದ ದಿನ-ತಿಂಗಳು ಇದೆ, ಫ್ರೆಂಚ್ ಮಾತನಾಡುವವರದೂ ಅದೇ ಕ್ರಮ. ಪಕ್ಕದ ಅಮೆರಿಕದಿಂದ ಬಂದ ತಿಂಗಳು-ದಿನವೂ ಧಾರಾಳವಾಗಿದೆ. ಬರೀ ಅಂಕಿಗಳಲ್ಲಿ ಬರೆಯುವಾಗ ವರ್ಷ-ತಿಂಗಳು-ದಿನ ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮವನ್ನು ಸರ್ಕಾರ ಶಿಫಾರಸು ಮಾಡುತ್ತದೆ, ಆದರೆ ಅಂಗಡಿಯ ಬಿಲ್ಲಿಂಗ್ ಯಂತ್ರ ಅದನ್ನು ಅನುಸರಿಸಲೇಬೇಕೆಂದೇನೂ ಇಲ್ಲ. ಯಂತ್ರವನ್ನು ಯಾರು ಹೇಗೆ ಹೊಂದಿಸಿಟ್ಟರೋ ಹಾಗೆ ಮುದ್ರಣ. ಈ ಕಟ್ಟಿನಲ್ಲೇ ಅದು ಕಾಣುತ್ತಿತ್ತು. ಅದೇ ಸೆಪ್ಟೆಂಬರ್ 5ರಂದು ಔಷಧಿ ಅಂಗಡಿಯೊಂದು ಕೊಟ್ಟ ರಸೀದಿಯಲ್ಲಿ 05/09/2024 ಎಂದಿತ್ತು, ಅದನ್ನು ಸಹಾಯಕಿ ಸರಿಯಾಗಿ ಓದಿದ್ದರು. ಊಟದ ರಸೀದಿಯಲ್ಲಿ 09/05/2024. ಮರುದಿನದ ಟ್ಯಾಕ್ಸಿಯ ಕಾರ್ಡ್ ಚೀಟಿಯಲ್ಲಿ 24/09/06 ಎಂದಿತ್ತು. ವರ್ಷದ ಎರಡೇ ಅಂಕಿಯನ್ನು ಮುಂದಿಟ್ಟ ಈ ಬರಹ ನಮ್ಮ ಕಣ್ಣಿಗೆ 2006ರ ಸೆಪ್ಟೆಂಬರ್ 24ರಂತೆ ಕಾಣುತ್ತದೆ, ವರ್ಷವನ್ನು ಕಡೆಗಣಿಸಿದರೂ ಬಿಲ್ಲು ಸಲ್ಲಿಸಿದ ಮರುದಿನ. ಇದೂ ವಾಪಸಾದ ಗುಂಪಿಗೆ ಸೇರಿತ್ತು. ನಾಲ್ಕಂಕಿಯ ವರ್ಷ ಮೊದಲು ಬಂದಿದ್ದರೆ ನಿಶ್ಚಿಂತೆ, ಏಕೆಂದರೆ ವರ್ಷವಾದ ಕೂಡಲೇ ದಿನವನ್ನು ಬರೆಯುವ ರೂಢಿ ವ್ಯವಹಾರದಲ್ಲಿ ಇಲ್ಲ. ಎರಡಂಕಿಯ ವರ್ಷಕ್ಕೆ ಆ ಭರವಸೆ ಇಲ್ಲ.

ಇನ್ನು ವಾರದ ದಿನ. ಇದು ಒಳ್ಳೆಯ ಪರೀಕ್ಷೆ. 04/05/2024 ಎಂದಿದ್ದು ಪಕ್ಕದಲ್ಲಿ ಶುಕ್ರವಾರ ಎಂದಿದ್ದರೆ ಅದು ಏಪ್ರಿಲ್ 5, ಶನಿವಾರ ಎಂದಿದ್ದರೆ ಮೇ 4. ಹೆಚ್ಚಿನ ಜೋಡಿಗಳಲ್ಲಿ ವಾರ ಬೇರೆಯಾಗುತ್ತದೆ. ಆದರೆ ಮೇ 9ರಿಂದ ಸೆಪ್ಟೆಂಬರ್ 5ಕ್ಕೆ 119 ದಿನ, ಅಂದರೆ ಒಂದು ದಿನವೂ ಹೆಚ್ಚುಕಡಿಮೆ ಇಲ್ಲದೆ 17 ವಾರ. ಈ ಎರಡು ದಿನಾಂಕಗಳು ಯಾವ ವರ್ಷದಲ್ಲಾದರೂ ಒಂದೇ ವಾರದಂದು ಬರುತ್ತವೆ. ಹೀಗೆ ಎಂದೆಂದಿಗೂ ಒಟ್ಟಿಗೆ ನಡೆಯುವ ಜೋಡಿಗಳು ಇನ್ನೆರಡಿವೆ: ಜುಲೈ 11 ಮತ್ತು ನವೆಂಬರ್ 7, ಮಾರ್ಚ್ 12 ಮತ್ತು ಡಿಸೆಂಬರ್ 3. ಜನವರಿ ಅಥವಾ ಫೆಬ್ರುವರಿ ಸೇರಿದ ಜೋಡಿಗಳು ಅಧಿಕ ವರ್ಷವೋ ಅಲ್ಲವೋ ಎಂಬುದರ ಮೇಲೆ ಬದಲಾಗುತ್ತವೆ. ಉದಾಹರಣೆಗೆ 2025ರಲ್ಲಿ ಜನವರಿ 7 ಮತ್ತು ಜುಲೈ 1 ಎರಡೂ ಮಂಗಳವಾರ. ಸಹಾಯಕಿ ಕ್ಯಾಲೆಂಡರ್ ತೆರೆದು ಮೇ 9ನ್ನು ನೋಡಿದರು, ಗುರುವಾರ ಸಿಕ್ಕಿತು, ಅಲ್ಲಿಗೆ ನಿಲ್ಲಿಸಿದರು. ಸೆಪ್ಟೆಂಬರ್ 5ನ್ನೂ ನೋಡಿದ್ದರೆ ಅಲ್ಲಿಯೂ ಗುರುವಾರ ಕಂಡು ಪರೀಕ್ಷೆಯೇ ಕೆಲಸಕ್ಕೆ ಬಾರದ್ದೆಂದು ತಿಳಿಯುತ್ತಿತ್ತು. ವಾರದ ಪರೀಕ್ಷೆ ಮಾಡುವವರು ಎರಡು ಓದುಗಳನ್ನೂ ನೋಡಬೇಕು. ಒಂದು ಹೊಂದಿ ಇನ್ನೊಂದು ಹೊಂದದಿದ್ದಾಗ ಮಾತ್ರ ಅದಕ್ಕೆ ಬೆಲೆ.

ಕಾರ್ಡಿನ ಲೆಕ್ಕದ ಕಥೆ ಇದಕ್ಕಿಂತ ಹೆಚ್ಚು ಜಟಿಲ, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಸಾಮಾನ್ಯ. ಎಂಜಿನಿಯರ್ ತಮ್ಮ ಬ್ಯಾಂಕಿನ ವೆಬ್‌ಸೈಟಿನಿಂದ ಸ್ಟೇಟ್‌ಮೆಂಟನ್ನು ಸಿಎಸ್‌ವಿ ಎಂಬ ಸರಳ ಪಠ್ಯ ಕಡತವಾಗಿ ಇಳಿಸಿಕೊಟ್ಟಿದ್ದರು. ಭಾರತದ ಬ್ಯಾಂಕ್ ಆದ್ದರಿಂದ ದಿನಾಂಕಗಳು ದಿನ-ತಿಂಗಳು-ವರ್ಷದ ಕ್ರಮದಲ್ಲಿದ್ದವು. ಸಹಾಯಕಿಯ ಲ್ಯಾಪ್‌ಟಾಪಿನ ಪ್ರಾದೇಶಿಕ ಹೊಂದಿಕೆ ಮಾತ್ರ ಅಮೆರಿಕದ್ದಾಗಿ ಉಳಿದಿತ್ತು, ಕೊಂಡಾಗಿನಿಂದ ಯಾರೂ ಬದಲಿಸಿರಲಿಲ್ಲ. ಅಂಥ ಗಣಕದಲ್ಲಿ ಕಡತವನ್ನು ನೇರವಾಗಿ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ, 06/09/2024 ಎಂಬುದನ್ನು ಅದು ಜೂನ್ 9 ಎಂದು ಒಳಗೆ ಇಟ್ಟುಕೊಳ್ಳುತ್ತದೆ. ತೆರೆಯ ಮೇಲೆ ತೋರಿಸುವುದು 6/9/2024. ನಮ್ಮ ಕಣ್ಣಿಗೆ ಅದು ಸೆಪ್ಟೆಂಬರ್ 6ರಂತೆಯೇ ಕಾಣುತ್ತದೆ, ಎಲ್ಲವೂ ಸರಿಯಾಗಿದೆ ಎನಿಸುತ್ತದೆ. 13/09/2024 ಸಿಕ್ಕಾಗ ಹದಿಮೂರನೆಯ ತಿಂಗಳು ಇಲ್ಲವೆಂದು ಎಕ್ಸೆಲ್ ಅದನ್ನು ದಿನಾಂಕವೆಂದೇ ಪರಿಗಣಿಸದೆ, ಬರೀ ಪಠ್ಯವಾಗಿ ಬಿಟ್ಟುಬಿಡುತ್ತದೆ.

ಸಹಾಯಕಿ ತಿಂಗಳ ಫಿಲ್ಟರ್ ಹಾಕಿ ಸೆಪ್ಟೆಂಬರನ್ನು ಆರಿಸಿದರು. ಸೆಪ್ಟೆಂಬರ್ 6ರ ಸಾಲು ಆ ಹೊತ್ತಿಗೆ ಜೂನ್ ತಿಂಗಳಿಗೆ ಹೋಗಿ ಕುಳಿತಿತ್ತು. ಹೀಗಾಗಿ ಖರ್ಚು ಸಿಗಲಿಲ್ಲ. ಮೂಲ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಆ ಸಾಲು ಅಲ್ಲಿಯೇ ಇತ್ತು: 06/09/2024, 49.38 ಕೆನಡಾ ಡಾಲರ್, ರೂಪಾಯಿಯಲ್ಲಿ ಸುಮಾರು ಮೂರು ಸಾವಿರ.

ಈ ಕೆಡುಕನ್ನು ಪತ್ತೆ ಮಾಡುವುದು ಕಷ್ಟವಲ್ಲ. ಎಕ್ಸೆಲ್ ದಿನಾಂಕವನ್ನು ಅಂಕಣದ ಬಲಕ್ಕೆ ಒತ್ತಿ ತೋರಿಸುತ್ತದೆ, ಪಠ್ಯವನ್ನು ಎಡಕ್ಕೆ. ಒಂದೇ ಅಂಕಣದಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಇದ್ದರೆ, ಬಲಕ್ಕೆ ಇರುವವುಗಳ ದಿನ-ತಿಂಗಳು ಅದಲುಬದಲಾಗಿವೆ ಎಂದೇ ತಿಳಿಯಬಹುದು. ಆಗ ಕೋಶದ ರೂಪವನ್ನು ದಿನ-ತಿಂಗಳಿಗೆ ಬದಲಿಸಿದರೆ ಪ್ರಯೋಜನವಿಲ್ಲ, ಒಳಗಿರುವುದು ಜೂನ್ 9 ಆದ್ದರಿಂದ ಈಗ 09/06/2024 ಎಂದು ತೋರಿಸಿ ಇನ್ನಷ್ಟು ಗೊಂದಲ ಮಾಡುತ್ತದೆ. ಸರಿಯಾದ ದಾರಿ ಎಂದರೆ ಮೂಲ ಕಡತವನ್ನು ಮತ್ತೆ ಇಳಿಸಿಕೊಂಡು, ದಿನಾಂಕದ ಅಂಕಣವನ್ನು ಮೊದಲು ಪಠ್ಯವಾಗಿ ತಂದು, ನಂತರ `Text to Columns` ಮೂಲಕ ಅದರ ಕ್ರಮ `DMY` ಎಂದು ನಾವೇ ಹೇಳುವುದು. ಮೂಲ ಕಡತ ಕೈತಪ್ಪಿದ್ದರೆ ಈ ಸೂತ್ರ ಕೆಟ್ಟದ್ದನ್ನು ತಿರುಗಿಸಿ ಸರಿಪಡಿಸುತ್ತದೆ:

```
=IF(ISNUMBER(A2), DATE(YEAR(A2),DAY(A2),MONTH(A2)), DATE(RIGHT(A2,4),MID(A2,4,2),LEFT(A2,2)))
```

ಸಂಖ್ಯೆಯಾಗಿ ಕುಳಿತವುಗಳ ದಿನ-ತಿಂಗಳನ್ನು ಇದು ಅದಲುಬದಲು ಮಾಡುತ್ತದೆ, ಪಠ್ಯವಾಗಿ ಉಳಿದವನ್ನು ತುಂಡರಿಸಿ ಹೊಸದಾಗಿ ಕಟ್ಟುತ್ತದೆ. ಇಡೀ ಅಂಕಣ ಒಂದೇ ಬಾರಿಗೆ, ಒಂದೇ ರೀತಿ ಕೆಟ್ಟಿದೆ ಎಂದು ಖಾತ್ರಿ ಇದ್ದಾಗ ಮಾತ್ರ ಇದನ್ನು ಬಳಸಬೇಕು. ಯಾರಾದರೂ ಈಗಾಗಲೇ ನಡುವೆ ಕೆಲವನ್ನು ಕೈಯಿಂದ ತಿದ್ದಿದ್ದರೆ ಸೂತ್ರ ಸರಿಯಾದವನ್ನು ಕೆಡಿಸುತ್ತದೆ.

ಆದರೂ ಕಾರ್ಡಿನ ಆ ಸಾಲು ಊಟದ ರಸೀದಿಯೊಂದಿಗೆ ತಕ್ಷಣ ಹೊಂದಲಿಲ್ಲ. ದಿನಾಂಕ ಒಂದು ದಿನ ಮುಂದಿತ್ತು, ಮೊತ್ತ ಬೇರೆಯಾಗಿತ್ತು. ದಿನಾಂಕದ ವಿಷಯ ಸರಳ. ಸೆಪ್ಟೆಂಬರಿನಲ್ಲಿ ಟೊರಾಂಟೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಐದನೆಯ ತಾರೀಕು ಸಂಜೆ 7:42 ಎಂದರೆ ಇಲ್ಲಿ ಆರನೆಯ ತಾರೀಕು ಬೆಳಗಿನ ಜಾವ 5:12. ವ್ಯವಹಾರ ಜಮೆಯಾಗಲು ಇನ್ನೂ ಒಂದೆರಡು ದಿನ ಹಿಡಿಯುವುದೂ ಉಂಟು. ಮೊತ್ತದ ವ್ಯತ್ಯಾಸ ಟಿಪ್ಸ್‌ನಿಂದ ಬಂದದ್ದು. ಉತ್ತರ ಅಮೆರಿಕದ ಊಟದ ಹೋಟೆಲುಗಳಲ್ಲಿ ಬಿಲ್ಲು ಒಂದು ಕಾಗದ, ಕಾರ್ಡಿನ ಚೀಟಿ ಇನ್ನೊಂದು. ಟಿಪ್ಸ್ ಸೇರುವುದು ಎರಡನೆಯದರಲ್ಲಿ. 42.94ರ ಮೇಲೆ ಶೇ 15 ಎಂದರೆ 6.44, ಸೇರಿಸಿದರೆ 49.38. ಸೆಂಟಿನವರೆಗೆ ಸರಿಹೋಯಿತು.

ಅಷ್ಟೇ ಸಾಕಿತ್ತು. ಆದರೆ ಕಾರ್ಡಿನ ಸಾಲು ಇಲ್ಲದಿದ್ದರೂ ಹರಿದ ರಸೀದಿ ತನ್ನ ದೇಶವನ್ನು ಹೇಳುತ್ತಿತ್ತು, ಅದನ್ನು ಕೇಳುವವರಿರಲಿಲ್ಲ. 38.00ಕ್ಕೆ 4.94 ತೆರಿಗೆ ಎಂದರೆ ಸರಿಯಾಗಿ ಶೇ 13. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2010ರ ಜುಲೈನಿಂದ ಇರುವ ಎಚ್‌ಎಸ್‌ಟಿ ಎಂಬ ಮಾರಾಟ ತೆರಿಗೆಯ ದರ ಅದೇ. ಕ್ಯಾಲಿಫೋರ್ನಿಯಾದ ಮಾರಾಟ ತೆರಿಗೆ ಶೇ 7.25ರಿಂದ ಆರಂಭವಾಗಿ ಊರಿನಿಂದ ಊರಿಗೆ ಏರುತ್ತದೆ, ಆದರೆ 13ನ್ನು ಮುಟ್ಟುವ ಊರು ಅಲ್ಲಿಲ್ಲ. ಆದ್ದರಿಂದ ರಸೀದಿ ಒಂಟಾರಿಯೊದ್ದು. ಎಂಜಿನಿಯರ್ ಒಂಟಾರಿಯೊದಲ್ಲಿ ಇದ್ದದ್ದು ಸೆಪ್ಟೆಂಬರಿನಲ್ಲಿ ಮಾತ್ರ. ಆದ್ದರಿಂದ ಸೆಪ್ಟೆಂಬರ್ 5. ಕ್ರಮ ಯಾವುದೆಂದು ಅಂಕಿಯನ್ನೇ ದಿಟ್ಟಿಸಿ ಕುಳಿತರೆ ಉತ್ತರ ಸಿಗುವುದಿಲ್ಲ. ಮೊದಲು ಊರನ್ನು ಹಿಡಿಯಬೇಕು, ಆ ಊರಿನಲ್ಲಿ ವ್ಯಕ್ತಿ ಯಾವ ದಿನ ಇದ್ದರೆಂಬುದನ್ನು ತಿಂಗಳನ್ನು ಅಕ್ಷರದಲ್ಲಿ ಬರೆದ ಕಾಗದದಿಂದ ತೆಗೆಯಬೇಕು. ವಿಮಾನದ ಟಿಕೆಟ್ಟಿನಲ್ಲಿ ತಿಂಗಳು ಸಾಮಾನ್ಯವಾಗಿ ಅಕ್ಷರದಲ್ಲೇ ಇರುತ್ತದೆ.

ದೇಶ ತಪ್ಪಿದರೆ ದಿನಾಂಕಕ್ಕಿಂತ ದೊಡ್ಡ ಪೆಟ್ಟು ಹಣಕ್ಕೆ. ಎರಡೂ ದೇಶಗಳ ರಸೀದಿಗಳಲ್ಲಿ ಇರುವುದು ಅದೇ ಡಾಲರ್ ಚಿಹ್ನೆ. ಮೇ ಮತ್ತು ಸೆಪ್ಟೆಂಬರಿನ ನಡುವೆ ಅಮೆರಿಕದ ಡಾಲರಿನ ಬೆಲೆ 83-84 ರೂಪಾಯಿಯ ಆಸುಪಾಸಿನಲ್ಲೇ ಇತ್ತು, ಬರೀ ದಿನಾಂಕ ತಪ್ಪಿದ್ದರೆ ಲೆಕ್ಕಕ್ಕೆ ಕೆಲವು ರೂಪಾಯಿಗಳ ವ್ಯತ್ಯಾಸ. ಆದರೆ ಕೆನಡಾ ಡಾಲರ್ ಆಗ ಸುಮಾರು 62 ರೂಪಾಯಿ. ರಿಯಾಯಿತಿ ತೋರಿಸಿ ಇದನ್ನು ಮೇ ತಿಂಗಳ ಅಮೆರಿಕದ ಖರ್ಚೆಂದು ಪಾಸು ಮಾಡಿದ್ದರೆ ಒಂದು ಊಟಕ್ಕೇ ಸುಮಾರು ಒಂಬೈನೂರು ರೂಪಾಯಿ ಹೆಚ್ಚು ಕೊಟ್ಟಂತಾಗುತ್ತಿತ್ತು.

ಎರಡನೆಯ ರಸೀದಿ ಇನ್ನೂ ಗಡುಸು. ಅದು ದಿನಸಿ ಅಂಗಡಿಯದು: ಬ್ರೆಡ್, ಹಾಲು, ಬಾಳೆಹಣ್ಣು. ಥರ್ಮಲ್ ಕಾಗದದ ಮೇಲ್ಭಾಗ ಬಿಸಿಲಿಗೋ ಏನೋ ಮಸುಕಾಗಿತ್ತು. ದಿನಾಂಕ ಅದೇ 09/05/2024, ಮೊತ್ತ 11.27, ಕೊಟ್ಟದ್ದು ನಗದು. ಕಾರ್ಡಿನ ಸಾಕ್ಷಿ ಇಲ್ಲ. ತೆರಿಗೆಯೂ ಇಲ್ಲ, ಏಕೆಂದರೆ ಇಂಥ ದಿನಸಿಗೆ ಒಂಟಾರಿಯೊದಲ್ಲೂ ತೆರಿಗೆ ಬೀಳುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲೂ ಇಲ್ಲ. ಇದನ್ನು ಬಿಡಿಸಿದ್ದು ಕೊನೆಯಿಂದ ಎರಡನೆಯ ಸಾಲು. ಅಲ್ಲಿ ‘ರೌಂಡಿಂಗ್’ ಎಂದು 0.02 ಕಳೆದು, ಕೊಡಬೇಕಾದ ನಗದು 11.25 ಎಂದಿತ್ತು. ಕೆನಡಾ 2013ರ ಫೆಬ್ರುವರಿಯಿಂದ ಒಂದು ಸೆಂಟಿನ ನಾಣ್ಯವನ್ನು ಚಲಾವಣೆಗೆ ಬಿಡುವುದನ್ನು ನಿಲ್ಲಿಸಿದೆ; ನಗದು ಕೊಟ್ಟಾಗ ಮೊತ್ತವನ್ನು ಹತ್ತಿರದ ಐದು ಸೆಂಟಿಗೆ ಸರಿಹೊಂದಿಸುತ್ತಾರೆ. ಅಮೆರಿಕದಲ್ಲಿ ಆ ವರ್ಷ ಒಂದು ಸೆಂಟಿನ ನಾಣ್ಯ ಬಳಕೆಯಲ್ಲಿತ್ತು, ಅಲ್ಲಿನ ಅಂಗಡಿ ಎರಡು ಸೆಂಟನ್ನು ಹೀಗೆ ಕಳೆಯುವ ಕಾರಣವಿರಲಿಲ್ಲ. ಬಾಳೆಹಣ್ಣಿನ ತೂಕವೂ ಪೌಂಡಿನಲ್ಲಿ ಇರದೆ ಕಿಲೋದಲ್ಲಿತ್ತು. ಟೊರಾಂಟೊ, ಸೆಪ್ಟೆಂಬರ್ 5. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕಂಪನಿಯ ಮ್ಯಾನೇಜರ್ ಕೇಳಿದರು. ಒಬ್ಬ ನೌಕರನ ಮೇಲೆ ಹಳೆಯ ಬಿಲ್ಲನ್ನು ತೂರಿಸಿದನೆಂಬ ಟಿಪ್ಪಣಿ ಬರೆದ ಮೇಲೆ ಮೊತ್ತ ಸಣ್ಣದೆನ್ನುವ ಸ್ವಾತಂತ್ರ್ಯ ನಮಗಿರಲಿಲ್ಲ.

ಮುಂದಿನ ಪ್ರವಾಸಗಳಿಗಾಗಿ ಬಿಲ್ಲಿನ ನಮೂನೆಯಲ್ಲಿ ಎರಡು ಬದಲಾವಣೆ ಮಾಡಿಸಿದೆ. ದಿನಾಂಕದ ಒಂದು ಅಂಕಣವಿದ್ದಲ್ಲಿ ಈಗ ಎರಡಿವೆ: ರಸೀದಿಯಲ್ಲಿ ಮುದ್ರಿತವಾದದ್ದು ಅಕ್ಷರಶಃ ಒಂದರಲ್ಲಿ, ತಿಂಗಳನ್ನು ಅಕ್ಷರದಲ್ಲಿ ಬರೆದ ದಿನಾಂಕ ಇನ್ನೊಂದರಲ್ಲಿ. ಮೊದಲನೆಯದನ್ನು ಯಾರೂ ತಿದ್ದುವಂತಿಲ್ಲ, ಏಕೆಂದರೆ ತಿದ್ದಿದ ನಂತರ ಮೂಲದಲ್ಲಿ ಏನಿತ್ತೆಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಇವೆರಡರ ಮುಂದೆ ಊರಿನ ಅಂಕಣ ಬಂದಿದೆ. ಪ್ರವಾಸ ಹೋದವರು ಅದೇ ದಿನ ರಾತ್ರಿ ರಸೀದಿಯ ಮೇಲೆ ಪೆನ್ನಿನಿಂದ ಊರು ಮತ್ತು ತಿಂಗಳು ಬರೆದು ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಕಾಗದ ಮಸುಕಾದರೂ ಚಿತ್ರ ಉಳಿಯುತ್ತದೆ, ಚಿತ್ರ ತೆಗೆದ ದಿನವೂ ಅದರಲ್ಲೇ ದಾಖಲಾಗಿರುತ್ತದೆ. ಲ್ಯಾಪ್‌ಟಾಪುಗಳ ಪ್ರಾದೇಶಿಕ ಹೊಂದಿಕೆಯನ್ನು ಭಾರತಕ್ಕೆ ಬದಲಿಸಿದ್ದಾಯಿತು. ಇದರಿಂದ ಬ್ಯಾಂಕಿನ ಕಡತಗಳು ಸರಿಯಾಗಿ ತೆರೆಯುತ್ತವೆ, ಆದರೆ ಅಮೆರಿಕದ ಹೋಟೆಲಿನಿಂದ ಬಂದ ಸಿಎಸ್‌ವಿ ಈಗ ಅದೇ ರೀತಿ ಕೆಡುತ್ತದೆ ಎಂಬುದನ್ನು ಸಹಾಯಕಿಗೆ ತೋರಿಸಿಕೊಟ್ಟೆ.

ವಾಪಸಾಗಿದ್ದವುಗಳಲ್ಲಿ ಒಂದು ಮಾತ್ರ ಬಗೆಹರಿಯಲಿಲ್ಲ. ಬಟ್ಟೆ ಒಗೆಯುವ ಅಂಗಡಿಯ ಕೈಬರಹದ ಚೀಟಿ, 9/5/24, ಎಂಟು ಡಾಲರ್, ನಗದು. ಊರಿಲ್ಲ, ತೆರಿಗೆಯ ಸಾಲಿಲ್ಲ, ಮೊತ್ತ ಪೂರ್ಣಾಂಕವಾದ್ದರಿಂದ ರೌಂಡಿಂಗ್ ಬರುವ ಸಂಭವವೂ ಇಲ್ಲ. ಟೊರಾಂಟೊದ್ದೆಂದು ಎಂಜಿನಿಯರ್ ಸ್ವಯಂ ಘೋಷಣೆ ಬರೆದುಕೊಟ್ಟರು. ಲೆಕ್ಕ ವಿಭಾಗದವರು ಮೇ ತಿಂಗಳ ಕಡತದಲ್ಲಿ ಅಂಥ ಚೀಟಿ ಮೊದಲೇ ಪಾಸಾಗಿಲ್ಲವೆಂದು ನೋಡಿಕೊಂಡು, ಕೆನಡಾ ಡಾಲರಿನ ದರದಲ್ಲಿ ಅದನ್ನು ಮಂಜೂರು ಮಾಡಿದರು.